ಡೆಲಿವರಿ ಕೆಲಸ ನಂಬಿ ಸಾಲದಲ್ಲಿ ಸ್ಕೂಟರ್ ತಗೊಳ್ಳೋ ಮೊದಲು ನನ್ನ ಒಂದು ವಾರದ ಲೆಕ್ಕ ನೋಡಿ

ಬೆಂಗಳೂರಿನಲ್ಲಿ ಫುಡ್ ಡೆಲಿವರಿಗೆ ಸೇರಬೇಕು ಅಂತ ಓಡಾಡ್ತಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೇರಿಸಿಕೊಂಡವರು ನನಗೆ ಹೇಳಿದ್ದು "ವಾರಕ್ಕೆ ಎಂಟು ಸಾವಿರ ಆರಾಮಾಗಿ ಬರುತ್ತೆ" ಅಂತ. ಅದನ್ನೇ ನಂಬಿ ಸ್ಕೂಟರ್ ಸಾಲ ಮಾಡಿದೆ. ತಿಂಗಳಿಗೆ 2,900 ರೂಪಾಯಿ ಕಂತು.

ಮೊದಲ ಎರಡು ತಿಂಗಳು ಆ್ಯಪ್ ತೋರಿಸಿದ ಮೊತ್ತವನ್ನೇ ಸಂಪಾದನೆ ಅಂದುಕೊಂಡಿದ್ದೆ. ಕೈಯಲ್ಲಿ ಮಾತ್ರ ದುಡ್ಡು ನಿಲ್ಲುತ್ತಿರಲಿಲ್ಲ. ಆಮೇಲೆ ಒಂದು ವಾರ, ಸೋಮವಾರದಿಂದ ಭಾನುವಾರದವರೆಗೆ, ಒಂದು ಪುಟ್ಟ ನೋಟ್‌ಬುಕ್ಕಲ್ಲಿ ಎಲ್ಲ ಬರೆದಿಟ್ಟೆ. ಬೆಳಿಗ್ಗೆ ಗಾಡಿ ತೆಗೆಯುವಾಗ ಒಂದು ಮೀಟರ್ ರೀಡಿಂಗ್, ರಾತ್ರಿ ಮನೆಗೆ ಬಂದಾಗ ಇನ್ನೊಂದು.

ಏಳು ದಿನ, 77 ಗಂಟೆ, 118 ಆರ್ಡರ್. ಒಂದು ಆರ್ಡರ್‌ಗೆ ಸರಾಸರಿ 38 ರೂಪಾಯಿಯಂತೆ 4,484. ಪೀಕ್ ಅವರ್ ಬೋನಸ್ 61 ಆರ್ಡರ್‌ಗೆ ತಲಾ 10ರಂತೆ 610. ಇನ್ಸೆಂಟಿವ್ 900. ಒಟ್ಟು 5,994. ಆ್ಯಪ್‌ನಲ್ಲಿ ಕಾಣಿಸಿದ್ದು ಇಷ್ಟು.

ಈಗ ಇನ್ಸೆಂಟಿವ್ ವಿಷಯ ಹೇಳ್ತೀನಿ, ಯಾಕೆಂದರೆ ನಾನು ಕೆಟ್ಟಿದ್ದು ಅಲ್ಲೇ. ನಮ್ಮಲ್ಲಿ ವಾರಕ್ಕೆ 90 ಆರ್ಡರ್ ಮಾಡಿದರೆ 900, 120 ಮಾಡಿದರೆ 1,900. ಮಧ್ಯದಲ್ಲಿ ಏನೂ ಇಲ್ಲ. 91 ಮಾಡಿದವನಿಗೂ 119 ಮಾಡಿದವನಿಗೂ ಅದೇ 900. ಭಾನುವಾರ ರಾತ್ರಿ ಹತ್ತಕ್ಕೆ ನನ್ನದು 117 ಆಗಿತ್ತು. ಜೆ.ಪಿ. ನಗರದಲ್ಲಿದ್ದೆ. ಹನ್ನೆರಡರೊಳಗೆ ಇನ್ನು ಮೂರೇ ಆರ್ಡರ್ ಬೇಕಿತ್ತು. ಆಗ ಬಂದಿದ್ದು ಕನಕಪುರ ರಸ್ತೆಯಲ್ಲಿ ದೂರದ ಒಂದು ಅಪಾರ್ಟ್‌ಮೆಂಟ್‌ನ ಆರ್ಡರ್. ಬೇಡ ಅನ್ನೋ ಹಾಗಿರಲಿಲ್ಲ. ವಾರದಲ್ಲಿ ಇಷ್ಟಕ್ಕಿಂತ ಜಾಸ್ತಿ ಆರ್ಡರ್ ಬಿಟ್ಟರೆ ಇನ್ಸೆಂಟಿವ್ ಪೂರ್ತಿ ಹೋಗುತ್ತೆ, ನನ್ನ ಮಿತಿ ಆಗಲೇ ಮುಗಿದಿತ್ತು. ಹೋಟೆಲ್ ಮುಂದೆ 25 ನಿಮಿಷ ಕಾದೆ. ಅಲ್ಲಿ ತಲುಪಿ, ಗೇಟಲ್ಲಿ ಎಂಟ್ರಿ ಬರೆಸಿ, ಪಾರ್ಸೆಲ್ ಕೊಟ್ಟು ಹೊರಬಂದಾಗ 11:20. ಆ ಜಾಗ ನನ್ನ ಝೋನ್‌ನಿಂದ ಆಚೆ, ಆರ್ಡರ್ ಬೀಳೋದೇ ಇಲ್ಲ. 9 ಕಿಲೋಮೀಟರ್ ಖಾಲಿ ಗಾಡಿ ಓಡಿಸಿಕೊಂಡು ವಾಪಸ್ ಬಂದೆ. 118ಕ್ಕೇ ನಿಂತಿತು. ಎರಡು ಆರ್ಡರ್ ಕಡಿಮೆ ಆಗಿದ್ದಕ್ಕೆ ಸಾವಿರ ರೂಪಾಯಿ ಹೋಯಿತು. ಆ ಸಾವಿರದ ಆಸೆಗೇ ಕೊನೆಯ ಮೂರು ದಿನ ಮಧ್ಯಾಹ್ನದ ಊಟ ಬಿಟ್ಟು ಓಡಿಸಿದ್ದೆ.

ಪೀಕ್ ಬೋನಸ್ ಕೂಡ ಹಾಗೇ. ನಮ್ಮ ಕಂಪನಿಯಲ್ಲಿ ಆರ್ಡರ್ ಯಾವಾಗ ಸಿಕ್ಕಿತು ಅಂತ ನೋಡೋದಿಲ್ಲ, ಯಾವಾಗ ಡೆಲಿವರಿ ಆಯಿತು ಅಂತ ನೋಡ್ತಾರೆ. ರಾತ್ರಿ 10ಕ್ಕೆ ಪೀಕ್ ಮುಗಿಯುತ್ತೆ. 9:30ಕ್ಕೆ ತಗೊಂಡ ಬಿರಿಯಾನಿ ಆರ್ಡರ್ ಹೋಟೆಲ್‌ನವರು ತಡ ಮಾಡಿ 10:05ಕ್ಕೆ ತಲುಪಿದರೆ ಆ 10 ರೂಪಾಯಿ ಇಲ್ಲ.

ಇನ್ನು ಖರ್ಚು. ಮೀಟರ್ ಪ್ರಕಾರ ಓಡಿದ್ದು 840 ಕಿಲೋಮೀಟರ್. ಆ್ಯಪ್ ದುಡ್ಡು ಕೊಟ್ಟಿದ್ದು 510ಕ್ಕೆ. ಉಳಿದ 330 ಖಾಲಿ ವಾಪಸ್ ಬಂದಿದ್ದು, ಹೋಟೆಲ್‌ಗಳು ಜಾಸ್ತಿ ಇರುವ ಕಡೆ ಹೋಗಿ ನಿಲ್ಲೋಕೆ ಓಡಿಸಿದ್ದು, ಮನೆಗೆ ಹೋಗಿಬಂದಿದ್ದು. ಅಷ್ಟಕ್ಕೇ ಸುಮಾರು 800 ರೂಪಾಯಿ ಪೆಟ್ರೋಲ್ ನನ್ನ ಜೇಬಿಂದ. ಈ ಟ್ರಾಫಿಕ್ಕಲ್ಲಿ ನನ್ನ ಗಾಡಿ ಲೀಟರ್‌ಗೆ 42 ಕೊಡುತ್ತೆ. ಹಾಗಾಗಿ ವಾರಕ್ಕೆ 20 ಲೀಟರ್, ಲೀಟರ್‌ಗೆ 103ರಂತೆ 2,060 ರೂಪಾಯಿ.

ಗಾಡಿ ಸವೆಯೋದನ್ನು ನಾವ್ಯಾರೂ ಲೆಕ್ಕ ಹಾಕಲ್ಲ. ಅದು ವಾರವಾರ ಕಾಣಿಸಲ್ಲ, ಒಂದು ದಿನ ಗ್ಯಾರೇಜಲ್ಲಿ ಒಟ್ಟಿಗೇ ಬರುತ್ತೆ. ಇಂಜಿನ್ ಆಯಿಲ್, ಟೈರ್, ಬ್ರೇಕ್ ಶೂ, ಬೆಲ್ಟ್, ಎಲ್ಲ ಹಳೇ ಬಿಲ್ ಕೂಡಿಸಿ ಓಡಿದ ಕಿಲೋಮೀಟರಿಗೆ ಭಾಗಿಸಿದೆ. ಕಿಲೋಮೀಟರಿಗೆ ಸುಮಾರು 70 ಪೈಸೆ ಬಂತು. ವಾರಕ್ಕೆ 590. ಸಾಲದ ಕಂತು ವಾರಕ್ಕೆ ಹಂಚಿದರೆ 670, ಮೊಬೈಲ್ ಡೇಟಾ 80. ಒಟ್ಟು ಖರ್ಚು 3,400.

5,994ರಲ್ಲಿ ಅದನ್ನು ಕಳೆದರೆ ಉಳಿದಿದ್ದು 2,594. ಗಂಟೆಗೆ 34 ರೂಪಾಯಿ ಕೂಡ ಬೀಳಲಿಲ್ಲ. ಟೀ, ತಿಂಡಿ ಖರ್ಚು ಇದರಲ್ಲಿ ಸೇರಿಸಿಲ್ಲ. ಆ ರಾತ್ರಿ ನೋಟ್‌ಬುಕ್ ಹೆಂಡತಿಗೆ ತೋರಿಸಿದೆ. ಅವಳು ಎರಡು ಸಲ ಕೂಡಿಸಿ ನೋಡಿದಳು, ಏನೂ ಮಾತಾಡಲಿಲ್ಲ.

ಸೇರಲೇಬೇಕು ಅಂದರೆ ಸಾಲ ಮಾಡೋ ಮೊದಲು ಒಂದು ವಾರ ಅಣ್ಣನದೋ ಗೆಳೆಯನದೋ ಗಾಡಿಯಲ್ಲಿ ಓಡಿಸಿ, ಮೀಟರ್ ಬರೆದಿಡಿ. ಇನ್ಸೆಂಟಿವ್ ಬಿಟ್ಟು ಲೆಕ್ಕ ಹಾಕಿ. ಆಗಲೂ ಕಂತು ಕಟ್ಟೋಕೆ ಆಗುತ್ತೆ ಅಂದರೆ ಮಾತ್ರ ಸಾಲಕ್ಕೆ ಸಹಿ ಹಾಕಿ. ವಾರದ ಮಧ್ಯ 90 ದಾಟಿದರೆ ಅಲ್ಲೇ ನಿಂತು ಲೆಕ್ಕ ಮಾಡಿ. 120 ಮುಟ್ಟೋಕೆ ದಿನಕ್ಕೆ ಎಷ್ಟು ಬೇಕು, ನಿಮ್ಮ ಝೋನ್‌ನಲ್ಲಿ ಅಷ್ಟು ಬೀಳುತ್ತಾ ಅಂತ. ಬೀಳಲ್ಲ ಅನ್ನಿಸಿದರೆ ಆ ಸಾವಿರದ ಹಿಂದೆ ಹೋಗಬೇಡಿ, ಪೀಕ್ ಟೈಮಲ್ಲಿ ಮಾತ್ರ ಓಡಿಸಿ ಮನೆಗೆ ಹೋಗಿ ಮಲಗಿ. ವಾರದ ಪೇಮೆಂಟಲ್ಲಿ ಏನಾದರೂ ಕಡಿತ ಮಾಡಿದ್ದರೆ ಕಾರಣ ಕೇಳಿ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಬಂದ ಕಾನೂನಿನ ಪ್ರಕಾರ ಕಡಿತಕ್ಕೆ ಕಾರಣ ಹೇಳಲೇಬೇಕು.

ನನ್ನ ಸ್ಕೂಟರ್‌ಗೆ ಇನ್ನೂ 19 ಕಂತು ಬಾಕಿ ಇದೆ.