ನದಿ ಅಗಲ ಅಳೆಯೋಕೆ ಡಮರು ತ್ರಿಭುಜನಾ, ಒಂದರೊಳಗೊಂದು ತ್ರಿಭುಜನಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಡಮರುಗೆ. ನೀರಿಗಿಳಿಯದೆ ಈಚೆ ದಡದಲ್ಲೇ ನಿಂತು ನದಿ ಅಗಲ ಅಳೆಯೋಕೆ ಸಮರೂಪ ತ್ರಿಭುಜದ್ದು ಮುಖ್ಯವಾಗಿ ಎರಡು ದಾರಿ ಇದೆ, ಎರಡನ್ನೂ ಒಂದೇ ಜಾಗದಲ್ಲಿ, ಆಚೆ ದಡದ ಒಂದೇ ಮರ ನೋಡ್ಕೊಂಡು ಮಾಡಿದೀನಿ. ನನ್ನ ಹತ್ರ ಇದ್ದಿದ್ದು ಕೆಲವು ಗೂಟ, 30 ಮೀಟರ್ ಟೇಪು, ಒಂದು ಹಗ್ಗ, ಅಷ್ಟೆ. ಜೊತೆಗೆ ಯಾರೂ ಇರಲ್ಲ, ಒಬ್ಬನೇ ಅಳೆಯೋದು, ಹಾಗಾಗಿ ನನ್ನ ಆಯ್ಕೆಯಲ್ಲಿ ಅದರದ್ದೂ ಪಾಲಿದೆ.

ಡಮರು ಹೀಗೆ. ಆಚೆ ದಡದಲ್ಲಿ ನೀರಿನ ಅಂಚಲ್ಲೇ ಇರೋ ಒಂದು ಮರ ಗುರುತಿಟ್ಕೊಳ್ಳಿ, ಅದಕ್ಕೆ ಎದುರಾಗಿ ಈಚೆ ಒಂದನೇ ಗೂಟ. ಅಲ್ಲಿಂದ ಲಂಬಕೋನಕ್ಕೆ ತಿರುಗಿ ದಡದ ಉದ್ದಕ್ಕೆ 30 ಮೀಟರ್ ಹೋಗಿ ಎರಡನೇ ಗೂಟ, ಅದೇ ಗೆರೆಯಲ್ಲಿ ಇನ್ನೂ 10 ಮೀಟರ್ ಮುಂದೆ ಮೂರನೇದು. ಈಗ ನದಿಗೆ ಬೆನ್ನು ಹಾಕಿ ಮೂರನೇ ಗೂಟದಿಂದ ಮತ್ತೆ ಲಂಬಕೋನದಲ್ಲಿ ಒಳಗಡೆ ನಡೀತಾ ಹೋಗಿ, ಆಗಾಗ ತಿರುಗಿ ನೋಡ್ತಾ ಇರಿ, ಎರಡನೇ ಗೂಟ ಸರಿಯಾಗಿ ಮರದ ಮೇಲೆ ಕೂತಂಗೆ ಎಲ್ಲಿ ಕಾಣುತ್ತೋ ಅಲ್ಲೇ ನಿಂತು ನಾಲ್ಕನೇ ಗೂಟ ಹೊಡೀರಿ. ಎರಡು ತ್ರಿಭುಜ ಎರಡನೇ ಗೂಟದಲ್ಲಿ ತುದಿಗೆ ತುದಿ ಸೇರಿ ಡಮರು ತರ ಕಾಣ್ತವೆ, ಒಂದು ನೀರಿನ ಮೇಲೆ, ಇನ್ನೊಂದು ನೆಲದ ಮೇಲೆ. ದಡದ ಗೆರೆ 30ಕ್ಕೆ 10, ಅಂದ್ರೆ ಮೂರು ಪಟ್ಟು, ಹಾಗಾಗಿ ಮೂರನೇ-ನಾಲ್ಕನೇ ಗೂಟದ ನಡುವಿನ ಅಂತರಕ್ಕೆ 3 ಗುಣಿಸಿದ್ರೆ ಮರದವರೆಗಿನ ದೂರ. ನಂಗೆ ಬಂದಿದ್ದು 16 ಮೀಟರ್, ಅಂದ್ರೆ 48. ಒಂದನೇ ಗೂಟ ನೀರಿಂದ ಒಂದೂವರೆ ಮೀಟರ್ ಹಿಂದೆ ಇತ್ತು, ಅದನ್ನ ಕಳೆದ್ರೆ ನದಿ 46.5 ಮೀಟರ್. ಈ ಕಳೆಯೋದನ್ನ ಬಿಟ್ರೆ ನೀವು ಅಳೆದಿರೋದು ನದಿನಲ್ಲ, ಗೂಟದಿಂದ ಮರಕ್ಕಿರೋ ದೂರ.

ರೋಮನ್ ಕಾಲದ ಸರ್ವೇಯರ್ ಮಾರ್ಕಸ್ ಜೂನಿಯಸ್ ನಿಪ್ಸಸ್ ಬರೆದಿಟ್ಟಿರೋ ವಿಧಾನಾನೂ ಇದೇ ಜಾತಿದು, ಆದ್ರೆ ಅದರಲ್ಲಿ ಎರಡೂ ತ್ರಿಭುಜ ಒಂದೇ ಅಳತೆ. ಗುಣಿಸೋ ಗೋಜಿಲ್ಲ, ಆದ್ರೆ ನದಿ ಎಷ್ಟು ಅಗಲನೋ ಅಷ್ಟೇ ಜಾಗ ದಡದ ಹಿಂದೆನೂ ಖಾಲಿ ಬೇಕು, ಪೊದೆ ಇರೋ ಕಡೆ 48 ಮೀಟರ್ ನೇರವಾಗಿ ಒಳಗೆ ನಡೆಯೋದು ಆಗದ ಮಾತು. ಹಾಗಂತ ಹತ್ತು ಪಟ್ಟು ಇಟ್ಕೊಂಡ್ರೆ ನಾಲ್ಕನೇ ಗೂಟ 10 ಸೆಂಟಿಮೀಟರ್ ಆಚೆ ಈಚೆ ಆದ್ರೂ ಉತ್ತರ ಒಂದು ಮೀಟರ್ ಹೋಗುತ್ತೆ. ಮೂರು ಪಟ್ಟಲ್ಲಿ ಅದು 30 ಸೆಂಟಿಮೀಟರ್, ನಂಗೆ ಅಷ್ಟು ಸಾಕು.

ಇನ್ನು ಒಂದರೊಳಗೊಂದು. ಮರ, ದಡದ ಗೂಟ, ಅದರ ಹಿಂದೆ ಅದೇ ನೇರಕ್ಕೆ 10 ಮೀಟರ್ ಒಳಗೆ ಇನ್ನೊಂದು ಗೂಟ. ದಡದ ಗೂಟದಿಂದ ಪಕ್ಕಕ್ಕೆ 20 ಮೀಟರ್ ಹೋಗಿ ಒಂದು ಗೂಟ, ಹಿಂದಿನ ಗೂಟದಿಂದಾನೂ ಅದೇ ದಿಕ್ಕಿಗೆ ಸಮಾಂತರವಾಗಿ ಹೋಗ್ತಾ ಆ 20 ಮೀಟರ್ ಗೂಟ ಮರದ ನೇರಕ್ಕೆ ಬಂದಲ್ಲಿ ಕೊನೇ ಗೂಟ. ಚಿಕ್ಕ ತ್ರಿಭುಜ ದೊಡ್ಡದರ ಹೊಟ್ಟೇಲಿ ಕೂತಿರುತ್ತೆ. ಲೆಕ್ಕ ಅಂದ್ರೆ 20ನ್ನ 10ಕ್ಕೆ ಗುಣಿಸಿ, ಹಿಂದಿನ ಗೆರೆ ಮುಂದಿನದಕ್ಕಿಂತ ಎಷ್ಟು ಉದ್ದ ಇದೆಯೋ ಅದರಿಂದ ಭಾಗಿಸೋದು. ಕಿರಿಕಿರಿ ಇರೋದೇ ಈ ವ್ಯತ್ಯಾಸದಲ್ಲಿ. ಹಿಂದಿನ ಗೆರೆ 24.1 ಬಂತು, ವ್ಯತ್ಯಾಸ 4.1, ಉತ್ತರ 48.8. ಕೊನೇ ಗೂಟ ಕಿತ್ತು ಮತ್ತೆ ನೇರ ನೋಡಿ ಹೊಡೆದ್ರೆ 24.25, ಉತ್ತರ 47.1. ಬರೀ 15 ಸೆಂಟಿಮೀಟರ್‌ಗೆ ಒಂದೂ ಮುಕ್ಕಾಲು ಮೀಟರ್ ಓಡಾಡ್ತು, ಅದೇ 15 ಸೆಂಟಿಮೀಟರ್ ಡಮರುನಲ್ಲಿ 45 ಸೆಂಟಿಮೀಟರ್ ಅಷ್ಟೆ.

ಎರಡಕ್ಕೂ ಇರೋ ನಿಜವಾದ ತಲೆನೋವು ಲಂಬಕೋನ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. 12 ಮೀಟರ್ ಹಗ್ಗಕ್ಕೆ 3, 4, 5 ಮೀಟರ್‌ಗೆ ಗಂಟು ಹಾಕಿ ತ್ರಿಭುಜ ಮಾಡೋದು ಎಲ್ಲರಿಗೂ ಗೊತ್ತು. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತೆ. 5 ಮೀಟರ್ ಬಾಹು ಬರೀ 5 ಸೆಂಟಿಮೀಟರ್ ಜಾಸ್ತಿ ಆದ್ರೆ ಕೋನ 90ರ ಬದಲು 91.2 ಡಿಗ್ರಿ ಆಗುತ್ತೆ. ಇದು ಚಿಕ್ಕ ತಪ್ಪು ಅನ್ಸುತ್ತೆ, ಚಿಕ್ಕದೋ ದೊಡ್ಡದೋ ಅನ್ನೋದು ಹಗ್ಗ ಯಾವ ಕಡೆ ಹಾಸ್ತೀರ ಅನ್ನೋದ್ರ ಮೇಲೆ ನಿಂತಿದೆ.

ಯಾಕಂದ್ರೆ ತ್ರಿಭುಜ ಸಮರೂಪ ಆಗೋಕೆ ಲಂಬಕೋನಾನೇ ಬೇಕು ಅಂತಿಲ್ಲ, ಮರದ ಗೆರೆ ಮತ್ತು ಮೂರನೇ ಗೂಟದ ಗೆರೆ ಸಮಾಂತರ ಇದ್ರೆ ಸಾಕು. ಒಂದನೇ ಗೂಟದಲ್ಲಿ ನೀರಿನ ಕಡೆ ಹಗ್ಗ ಹಾಸೋಕಾಗಲ್ಲ, ಅದಕ್ಕೆ ಮರದ ನೇರಕ್ಕೆ ಒಳಗಡೆ ಒಂದು ಹಿಂಗೂಟ ಹೊಡೆದು 3 ಮೀಟರ್ ಬಾಹುನ ಅದರ ಕಡೆಗೆ, 4 ಮೀಟರ್ ಬಾಹುನ ಎರಡನೇ ಗೂಟದ ದಿಕ್ಕಿಗೆ ಇಡ್ತೀವಿ. ಮೂರನೇ ಗೂಟಕ್ಕೆ ಬಂದಾಗ 4 ಮೀಟರ್ ಬಾಹುನ ಎರಡನೇ ಗೂಟದ ಕಡೆಗೆ ತಿರುಗಿಸಿ ಹಾಸೋದು ಸಲೀಸು ಅನ್ಸುತ್ತೆ, ಅಲ್ಲಿ ಗೆರೆ ಮೊದಲೇ ಎಳೆದಿರುತ್ತೆ ನೋಡಿ. ಆದ್ರೆ ಹಾಗೆ ಮಗುಚಿದ್ರೆ ಹಗ್ಗದ ತಪ್ಪು ಇಮ್ಮಡಿ ಆಗಿ ನಮ್ಮ 48 ಮೀಟರ್ 51 ದಾಟುತ್ತೆ. ಮಗುಚದೆ, ಇಡೀ ತ್ರಿಭುಜನ ದಡದ ಗೆರೆ ಮೇಲೆ ಜಾರಿಸಿಕೊಂಡು ಬಂದಂಗೆ, 4 ಮೀಟರ್ ಬಾಹು ಮೂರನೇ ಗೂಟದಿಂದ ಆಚೆಗೆ ಹೋಗೋ ಹಾಗೆ ಹಾಸಿದ್ರೆ ಅದೇ ಕೆಟ್ಟ ಹಗ್ಗ ಎರಡೂ ಕಡೆ ಒಂದೇ ತರ ಓರೆ ಆಗುತ್ತೆ, ಗೆರೆಗಳು ಸಮಾಂತರವಾಗೇ ಉಳಿತವೆ, ಉತ್ತರದಲ್ಲಿ ವ್ಯತ್ಯಾಸಾನೇ ಬರಲ್ಲ.

ಹಗ್ಗ ಕೆಟ್ಟಿದೆಯಾ ಅಂತ ನೋಡೋಕೂ ಇದೇ ಮಗುಚೋದು ಉಪಯೋಗಕ್ಕೆ ಬರುತ್ತೆ. ಮೂರನೇ ಗೂಟದಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹಾಸಿ 3 ಮೀಟರ್ ಬಾಹುವಿನ ತುದಿ ಎಲ್ಲಿ ಬಿತ್ತು ಅಂತ ಗುರುತು ಮಾಡಿ. ಎರಡೂ ಗುರುತು ಒಂದೇ ಕಡೆ ಬಿದ್ರೆ ಹಗ್ಗ ಸರಿ. ಮೇಲೆ ಹೇಳಿದ 5 ಸೆಂಟಿಮೀಟರ್ ತಪ್ಪಿದ್ರೆ ಗುರುತುಗಳ ನಡುವೆ ಸುಮಾರು 12 ಸೆಂಟಿಮೀಟರ್ ಅಂತರ ಬರುತ್ತೆ, ಕಣ್ಣಿಗೇ ಕಾಣುತ್ತೆ. ಅವೆರಡರ ನಟ್ಟನಡುವೆ ನಿಜವಾದ ಲಂಬ.

ಒಂದರೊಳಗೊಂದರಲ್ಲೂ ಜಾರಿಸೋ ಉಪಾಯ ನಡೆಯುತ್ತೆ, ಎರಡು ಗೆರೆನೂ ಒಂದೇ ಕಡೆ ಇರೋದ್ರಿಂದ ಅಲ್ಲಿ ಮಗುಚೋ ಪ್ರಮೇಯಾನೇ ಕಮ್ಮಿ. ಇದು ಅದರ ಪ್ಲಸ್ ಪಾಯಿಂಟು.

ಗೂಟ ತೆಳ್ಳಗಿರಲಿ, ನೆಟ್ಟಗಿರಲಿ. ಇಳಿಜಾರಲ್ಲಿ ಟೇಪನ್ನ ನೆಲಕ್ಕೆ ಒರಗಿಸದೆ ಮಟ್ಟವಾಗಿ ಹಿಡಿದು ಅಳೀರಿ. 45 ಡಿಗ್ರಿ ನೋಡಿ ಅಳೆಯೋದೂ ಒಂದಿದೆ, ನದಿಯಷ್ಟೇ ಉದ್ದ ದಡ ಬೇಕು, ನನ್ನ 30 ಮೀಟರ್ ಟೇಪಿಗೆ ಆಗಿಬರಲ್ಲ.

ಹಾಗಾಗಿ ದಡದ ಉದ್ದಕ್ಕೆ 40 ಮೀಟರ್ ಓಡಾಡೋ ಜಾಗ, ಒಳಗೆ ಒಂದು 20 ಮೀಟರ್ ಬಯಲು ಇದ್ರೆ ಕಣ್ಮುಚ್ಕೊಂಡು ಡಮರು, ಟೇಪು ಒಂದೇ ಸಲಕ್ಕೆ ಸಾಕಾಗುತ್ತೆ, ಒಬ್ಬರೇ ಮಾಡಬಹುದು, ಲೆಕ್ಕ ಬಾಯಲ್ಲೇ ಆಗುತ್ತೆ. ನದಿ ತಿರುವಿದ್ದು ದಡದ ಉದ್ದಕ್ಕೆ ನೇರ ಜಾಗ ಸಿಗದೆ ಹಿಂದೆ ಮಾತ್ರ ಬಯಲಿದ್ರೆ ಒಂದರೊಳಗೊಂದನ್ನೇ ಮಾಡಿ, ಆದ್ರೆ 10 ಮೀಟರ್ ಹಿಂದೆ ನಿಲ್ಲಬೇಡಿ, 30 ಮೀಟರ್ ಹೋಗಿ. ಆಗ ವ್ಯತ್ಯಾಸ ನಾಲ್ಕರ ಬದಲು ಹನ್ನೆರಡೂವರೆ ಮೀಟರ್ ಸಿಗುತ್ತೆ, ಕೊನೇ ಗೂಟ 10 ಸೆಂಟಿಮೀಟರ್ ಸರಿದ್ರೂ ಉತ್ತರ 40 ಸೆಂಟಿಮೀಟರ್‌ಗಿಂತ ಹೆಚ್ಚು ಕದಲಲ್ಲ.