ಬಾಡಿಗೆ ಕಾರಿನ ‘ದಿನಕ್ಕೆ 250 ಕಿಲೋಮೀಟರ್’ ಎಂಬ ಮಾತನ್ನು ಕೇಳಿ ನಾವು ಮೋಸಹೋದದ್ದು

ಪ್ರವಾಸಕ್ಕೆ ಚಾಲಕರ ಸಹಿತ ಕಾರು ಬೇಕೆಂದು ಕೇಳಿದಾಗ ಸಂಸ್ಥೆಯವರು ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಕಿಲೋಮೀಟರಿಗೆ ಇಷ್ಟು ದರ, ದಿನಕ್ಕೆ 250 ಕಿಲೋಮೀಟರ್. ಹೋಗಿಬರುವ ದೂರ ಸುಮಾರು 620 ಕಿಲೋಮೀಟರ್ ಎಂದು ನಾವು ಮೊದಲೇ ನೋಡಿಕೊಂಡಿದ್ದೆವು. ಅದನ್ನು ದರದಿಂದ ಗುಣಿಸಿ ಹಣ ಹೊಂದಿಸಿಕೊಂಡು ಹೊರಟೆವು. ಮರಳಿ ಬಂದಾಗ ಕೈಗೆ ಸಿಕ್ಕ ಬಿಲ್ಲು 1,000 ಕಿಲೋಮೀಟರಿನದು.

ಚಾಲಕರ ಸಹಿತ ಬಾಡಿಗೆಯಲ್ಲಿ ಆ 250 ಎಂಬುದು ಕನಿಷ್ಠ ಲೆಕ್ಕ. ಕಾರು 100 ಕಿಲೋಮೀಟರ್ ಓಡಿದರೂ, ಇಡೀ ದಿನ ವಸತಿಗೃಹದ ಮುಂದೆ ನಿಂತಿದ್ದರೂ 250ಕ್ಕೆ ಹಣ ಕೊಡಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಆ ದಿನ ಕಾರಿಗೂ ಚಾಲಕರಿಗೂ ಬೇರೆ ದುಡಿಮೆ ಇರುವುದಿಲ್ಲ. ‘ದಿನ’ ಎಂದರೆ ಏನೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪೆಟ್ಟು ಬಿದ್ದದ್ದು ಅಲ್ಲಿ.

ನಾವು ಹೊರಟದ್ದು ಶುಕ್ರವಾರ ರಾತ್ರಿ 10.30ಕ್ಕೆ. ಮನೆ ಮುಟ್ಟಿದ್ದು ಭಾನುವಾರ ನಡುರಾತ್ರಿ ಕಳೆದು 12.40ಕ್ಕೆ. ಒಟ್ಟು 50 ಗಂಟೆ ಚಿಲ್ಲರೆ. ನಮ್ಮ ಎಣಿಕೆಯಲ್ಲಿ ಎರಡು ದಿನ. ಆದರೆ ಸಂಸ್ಥೆ ಎಣಿಸಿದ್ದು ಕ್ಯಾಲೆಂಡರಿನ ದಿನಗಳನ್ನು. ಶುಕ್ರವಾರದ ಒಂದೂವರೆ ಗಂಟೆ ಒಂದು ದಿನ, ಶನಿವಾರ ಮತ್ತು ಭಾನುವಾರ ಎರಡು, ಸೋಮವಾರದ ನಲವತ್ತು ನಿಮಿಷ ಇನ್ನೊಂದು ದಿನ. ನಾಲ್ಕು ದಿನಕ್ಕೆ 250ರಂತೆ 1,000. ಅದೇ ಪ್ರವಾಸವನ್ನು ಶನಿವಾರ ನಸುಕಿನಲ್ಲಿ ಆರಂಭಿಸಿ ಭಾನುವಾರ ರಾತ್ರಿ 11ಕ್ಕೆ ಮುಗಿಸಿದ್ದರೆ ಕನಿಷ್ಠ ಲೆಕ್ಕ 500ಕ್ಕೆ ಇಳಿಯುತ್ತಿತ್ತು, ಓಡಿದಷ್ಟಕ್ಕೆ ಮಾತ್ರ ಹಣ ಕೊಡುತ್ತಿದ್ದೆವು.

ಓಡಿದ್ದಾದರೂ ಎಷ್ಟು? ನಮ್ಮ ಪ್ರಕಾರ 620, ಟ್ರಿಪ್ ಶೀಟಿನ ಪ್ರಕಾರ 664. ಮೀಟರ್ ಎಣಿಕೆ ಶುರುವಾಗುವುದು ನಮ್ಮ ಮನೆ ಬಾಗಿಲಿನಿಂದಲ್ಲ, ಅವರ ಗ್ಯಾರೇಜಿನಿಂದ, ಮುಗಿಯುವುದೂ ಅಲ್ಲಿಯೇ. ಹೋಗಲು 22, ಬರಲು 22. ಆದ್ದರಿಂದ ಹತ್ತಿರದ ಸಂಸ್ಥೆಯ ಕಾರನ್ನೇ ಹಿಡಿಯುವುದು ಒಳ್ಳೆಯದು. ಕಾರು ಬಂದ ಕೂಡಲೇ ಮೀಟರಿನ ಚಿತ್ರ ತೆಗೆದುಕೊಂಡು, ಟ್ರಿಪ್ ಶೀಟಿನಲ್ಲಿ ಬರೆದಿರುವ ಆರಂಭದ ಅಂಕಿಯೊಡನೆ ಹೋಲಿಸಿ ನೋಡಿ. ಎರಡರ ಅಂತರ ಗ್ಯಾರೇಜಿನ ದೂರಕ್ಕಿಂತ ಬಹಳ ಹೆಚ್ಚಿದ್ದರೆ ಹೊರಡುವ ಮೊದಲೇ ಕೇಳಬೇಕು.

ಚಾಲಕರ ಬಾಟಾ ಕೂಡ ಇದೇ ಕ್ಯಾಲೆಂಡರಿಗೆ ಜೋತುಬಿದ್ದಿತ್ತು. ನಾಲ್ಕು ದಿನದ ಬಾಟಾ, ಮೇಲೆ ಶುಕ್ರವಾರ ಮತ್ತು ಭಾನುವಾರ ತಡರಾತ್ರಿ ಓಡಿಸಿದ್ದಕ್ಕೆ ಎರಡು ರಾತ್ರಿ ಭತ್ಯೆ. ನಿದ್ದೆಗೆಟ್ಟು ಕಾರು ಓಡಿಸಿದವರಿಗೆ ಆ ಹಣ ಸಲ್ಲಲೇಬೇಕು. ಆದರೆ ಬಿಲ್ಲಿನಲ್ಲಿ ಅದು ಸೇರಿದೆಯೋ, ಚಾಲಕರ ಕೈಗೆ ಬೇರೆಯಾಗಿ ಕೊಡಬೇಕೋ, ಅವರ ಊಟ ಮತ್ತು ಮಲಗುವ ಜಾಗ ಅದರಲ್ಲಿಯೇ ಆಗಬೇಕೋ ಎಂಬುದು ಬರಹದಲ್ಲಿ ಇರಲಿ. ನಾವು ದಾರಿಯಲ್ಲಿ ಚಾಲಕರಿಗೆ ಕೊಟ್ಟ ಬಾಟಾ ಬಿಲ್ಲಿನಲ್ಲಿ ಮತ್ತೆ ಕಾಣಿಸಿಕೊಂಡಿತು. ನಾವು ಕೊಟ್ಟಿದ್ದಕ್ಕೆ ರಸೀದಿ ಇರಲಿಲ್ಲ. ಟೋಲ್ ಮತ್ತು ಪಾರ್ಕಿಂಗ್ ಶುಲ್ಕ ಸಾಮಾನ್ಯವಾಗಿ ಪ್ರತ್ಯೇಕ, ಅದಕ್ಕೆ ರಸೀದಿ ಕೇಳಿ ಪಡೆಯಿರಿ.

ಬೇಸತ್ತು ಮುಂದಿನ ಸಲ ನಾವೇ ಓಡಿಸುವ ಕಾರು ತೆಗೆದುಕೊಂಡೆವು. ಅಲ್ಲಿಯೂ ಅದೇ ‘ದಿನಕ್ಕೆ 250’. ಈ ಬಾರಿ ಅದು ಕನಿಷ್ಠವಲ್ಲ, ಗರಿಷ್ಠ! ಎರಡು ದಿನಕ್ಕೆ 500 ದಾಟಿದ ಪ್ರತಿ ಕಿಲೋಮೀಟರಿಗೂ ಹೆಚ್ಚುವರಿ ದರ. ಒಂದೇ ಅಂಕಿ ಒಂದು ಕಡೆ ನೆಲ, ಇನ್ನೊಂದು ಕಡೆ ಚಾವಣಿ. ಹೀಗಾಗಿ ಅಂಕಿಯನ್ನು ಕೇಳಿ ಸುಮ್ಮನಾಗಬೇಡಿ; ಅದು ಕನಿಷ್ಠವೋ ಗರಿಷ್ಠವೋ ಎಂದು ಬಾಯಿಬಿಟ್ಟು ಕೇಳಿ.

ಇಂಧನದಲ್ಲಿ ನನಗೆ ನೆಮ್ಮದಿಯೆನಿಸುವುದು ತುಂಬಿದ ಟ್ಯಾಂಕ್ ಪಡೆದು ತುಂಬಿಸಿಯೇ ಮರಳಿಸುವ ಪದ್ಧತಿ. ಕಾರು ಒಪ್ಪಿಸುವ ಜಾಗದ ಹತ್ತಿರವೇ ತುಂಬಿಸಿ ರಸೀದಿ ಇಟ್ಟುಕೊಳ್ಳಬೇಕು. ಮುಳ್ಳು ಸ್ವಲ್ಪ ಕೆಳಗಿದ್ದರೂ ಇಂಧನದ ಬೆಲೆಯ ಜೊತೆಗೆ ತುಂಬಿಸಿದ ಶುಲ್ಕವನ್ನೂ ಹಾಕುವವರಿದ್ದಾರೆ. ಇಡೀ ಟ್ಯಾಂಕಿನ ಹಣವನ್ನು ಮುಂಗಡವಾಗಿ ಪಡೆಯುವ ಪದ್ಧತಿಯಲ್ಲಿ ಉಳಿದ ಇಂಧನಕ್ಕೆ ಹೆಚ್ಚಾಗಿ ಹಣ ಹಿಂತಿರುಗುವುದಿಲ್ಲ.

ಹಾನಿಯ ವಿಷಯದಲ್ಲಿ ನಾನು ನಂಬಿ ಕೆಟ್ಟದ್ದು ‘ವಿಮೆ ಇದೆ’ ಎಂಬ ಮಾತನ್ನು. ವಿಮೆ ಇದ್ದರೂ ಹಾನಿಯ ಮೊದಲ ಒಂದು ಮೊತ್ತವನ್ನು ಬಾಡಿಗೆ ಪಡೆದವರೇ ಭರಿಸಬೇಕೆಂಬ ಷರತ್ತು ಸಾಮಾನ್ಯ, ಠೇವಣಿ ಹಿಡಿದಿಡುವುದೂ ಅದಕ್ಕಾಗಿಯೇ. ಟೈರು, ಗಾಜು, ಕಾರಿನ ಅಡಿಭಾಗ ಎಷ್ಟೋ ಒಪ್ಪಂದಗಳಲ್ಲಿ ವಿಮೆಯಿಂದ ಹೊರಗೆ. ಕಾರು ಪಡೆಯುವಾಗ ನಾನು ನಾಲ್ಕೂ ಬದಿಯ ವಿಡಿಯೊ ತೆಗೆದಿದ್ದೆ, ಹಳೆಯ ಗೀರುಗಳನ್ನು ಅವರ ನಮೂನೆಯಲ್ಲಿ ಬರೆಸಿ ಸಹಿಯನ್ನೂ ಹಾಕಿಸಿದ್ದೆ. ಆದರೆ ಬಗ್ಗಿ ಮುಂದಿನ ಬಂಪರಿನ ಕೆಳಗೆ ನೋಡಲಿಲ್ಲ. ಒಪ್ಪಿಸುವಾಗ ಕಚೇರಿ ಮುಚ್ಚಿತ್ತು, ಬೀಗದ ಕೈಯನ್ನು ಪೆಟ್ಟಿಗೆಗೆ ಹಾಕಿ ಬಂದೆವು. ಬಂಪರಿನ ಅಡಿಯಲ್ಲಿ ಉಜ್ಜಿದ ಗುರುತಿದೆಯೆಂದು ಮರುದಿನ ಸಂದೇಶ ಬಂತು. ಅದು ನಮ್ಮದಲ್ಲ ಎನ್ನಲು ಕೈಯಲ್ಲಿ ಒಂದು ಚಿತ್ರವೂ ಇರಲಿಲ್ಲ, ಠೇವಣಿಯಲ್ಲಿ ಅರ್ಧ ಮಾತ್ರ ಮರಳಿತು.