ಒಂದೇ ಕೋರೆಯ ಮುರಕಲ್ಲು: ಮಳೆಗೆ ಬಿಟ್ಟದ್ದು, ಸೂರಿನಡಿ ಇಟ್ಟದ್ದು, ಪ್ಲಾಸ್ಟಿಕ್ಕಲ್ಲಿ ಕಟ್ಟಿಟ್ಟದ್ದು

ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ, ಕಡಿದ ಮೇಲೆ ಗಟ್ಟಿಯಾಗೋದು ಒಣಗೋದ್ರಿಂದ ಅಂತ ನಾನೂ ಬಹಳ ವರ್ಷ ನಂಬ್ಕೊಂಡಿದ್ದೆ. ಕೋರೆಯಿಂದ ತೆಗೆದ ದಿನ ಬಾಚಿಯಲ್ಲಿ ಸಲೀಸಾಗಿ ಕೆತ್ತಬಹುದು, ವರ್ಷ ಬಿಟ್ಟು ನೋಡಿದ್ರೆ ಬಾಚಿನೇ ಮೊಂಡಾಗತ್ತೆ, ನಡುವೆ ಆಗಿದ್ದು ಒಣಗಿದ್ದು ಬಿಟ್ರೆ ಇನ್ನೇನು ಅನ್ನೋ ಲೆಕ್ಕ. ಆದ್ರೆ ಕಲ್ಲು ಕಡಿಯೋ ಮೇಸ್ತ್ರಿ ಒಬ್ರು "ಒಂದು ಮಳೆ ತಿನ್ಲಿ ಮಾರಾಯ್ರೆ, ಆಮೇಲೆ ಕಟ್ಟುವಾ" ಅಂದಾಗ ತಲೆಯಲ್ಲಿ ಹುಳ ಬಿಡ್ತು. ಒಣಗಬೇಕಾದ ಕಲ್ಲಿಗೆ ಮಳೆ ಯಾಕೆ?

ಸರಿ, ಟ್ರೈ ಮಾಡೇ ನೋಡೋಣ ಅಂತ ಡಿಸೆಂಬರಲ್ಲಿ ಒಂದೇ ಕೋರೆಯಿಂದ ಆರು ತುಂಡು ತಗೊಂಡೆ, ಇಟ್ಟಿಗೆಗಿಂತ ಸ್ವಲ್ಪ ಚಿಕ್ಕವು. ಮೂರು ಮೇಲಿನ ಪದರದ್ದು, ಕೆಂಪು-ಹಳದಿ ಬಣ್ಣ, ಎರೆಹುಳ ಕೊರೆದ ಹಾಗೆ ತೂತು, ತೂತಲ್ಲಿ ಬಿಳಿ ಮಣ್ಣು ತುಂಬಿರೋದು. ಇನ್ನು ಮೂರು ಕೆಳಗಿನದ್ದು, ಶೇಡಿ ಮಣ್ಣು ಅನ್ನೋ ಬಿಳಿ ಜೇಡಿ ಶುರುವಾಗೋ ಜಾಗದ್ದು, ತಿಳಿ ಬಣ್ಣ, ಅಲ್ಲಲ್ಲಿ ಮಾತ್ರ ಕೆಂಪು ಮಚ್ಚೆ. ಎರಡು ಪದರದಿಂದಲೂ ಒಂದೊಂದು ಬಯಲಲ್ಲಿ, ಒಂದೊಂದು ಸೂರಿನಡಿ ಗಾಳಿ ಆಡೋ ಜಾಗದಲ್ಲಿ, ಒಂದೊಂದು ಹಸಿಯಾಗೇ ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಸುತ್ತಿ ಇಟ್ಟೆ. ಒಂದು ಪೂರ್ತಿ ಮಳೆಗಾಲ ಕಳೆದು ಮತ್ತೆ ಬಿಸಿಲು ಬಂದು ಫೆಬ್ರವರಿಯಲ್ಲಿ ಎಲ್ಲ ಬಿಚ್ಚಿದೆ.

ಪ್ಲಾಸ್ಟಿಕ್ಕಿಂದು ಬೇಗ ಮುಗಿಸ್ತೀನಿ. ಎರಡೂ ಹಾಗೇ ಇದ್ವು, ಚಾಕುವಲ್ಲಿ ಕೆರೆದ್ರೆ ಚೂರು ಚೂರಾಗಿ ಬರ್ತಿತ್ತು. ಅಂದ್ರೆ ಸಮಯ ಕಳೆದ ಮಾತ್ರಕ್ಕೆ ಏನೂ ಆಗಲ್ಲ, ಒಳಗಿನ ನೀರು ಹೊರಗೆ ಹೋಗಲೇಬೇಕು. ಇಷ್ಟರ ಮಟ್ಟಿಗೆ ನನ್ನ ಹಳೇ ನಂಬಿಕೆ ಸರಿ.

ಅಸಲಿ ಪೈಪೋಟಿ ಇದ್ದಿದ್ದು ಬಯಲಿಗೂ ಸೂರಿಗೂ. ಮೇಲಿನ ಪದರದ್ದು ಎರಡೂ ಗಟ್ಟಿಯಾಗಿದ್ವು, ಗಟ್ಟಿತನದಲ್ಲಿ ಫರಕೇ ಗೊತ್ತಾಗ್ಲಿಲ್ಲ. ನೀರು ಹೀರೋದು ನೋಡೋಣ ಅಂತ ಚೆನ್ನಾಗಿ ಒಣಗಿಸಿ ತೂಕ ಮಾಡಿ 24 ಗಂಟೆ ಬಕೆಟ್ಟಲ್ಲಿ ಮುಳುಗಿಸಿ ಒರೆಸಿ ಮತ್ತೆ ತೂಗಿದೆ. ಬಯಲಿಂದು 2.70 ಕೆಜಿ ಇದ್ದಿದ್ದು 3.00 ಆಯ್ತು, ಶೇ 11ರಷ್ಟು. ಸೂರಿಂದು 2.80 ಇದ್ದಿದ್ದು 3.12, ಅದೂ ಹೆಚ್ಚುಕಮ್ಮಿ ಅಷ್ಟೇ. ಕಟ್ಟಡಕ್ಕೆ ಬಳಸೋ ಮುರಕಲ್ಲಿಗೆ ಭಾರತೀಯ ಮಾನಕ IS 3620 ಹಾಕಿರೋ ಮಿತಿ ಶೇ 12, ಹಾಗಾಗಿ ಎರಡೂ ಪಾಸು (ನಾನು ಓವನ್ನಲ್ಲಿ ಒಣಗಿಸಿಲ್ಲ, ಬಿಸಿಲಲ್ಲಷ್ಟೇ, ಲ್ಯಾಬಲ್ಲಿ ಸ್ವಲ್ಪ ಜಾಸ್ತಿನೇ ಬರಬಹುದು). ಆದ್ರೆ ನೆನೆದ ಕಲ್ಲಿಗೆ ಮೊಳೆಯಲ್ಲಿ ಗೀರಿದಾಗ ಗುಟ್ಟು ಹೊರಗೆ ಬಂತು. ಬಯಲಿನ ಕಲ್ಲಿನ ಮೇಲೆ ಮೊಳೆ ಜಾರ್ತು, ಸುತ್ತಿಗೆ ತಟ್ಟಿದ್ರೆ ಟಣ್ ಅಂತ ಸದ್ದು. ಸೂರಿನ ಕಲ್ಲಲ್ಲಿ ಮೊಳೆ ಗೆರೆ ಎಳೀತು, ಸದ್ದೂ ಮಂದ. ಒಣಗಿದ್ದಾಗ ಇದ್ದ ಗಟ್ಟಿತನದಲ್ಲಿ ಒಂದು ಪಾಲು ನೀರಿಗೆ ವಾಪಸ್ ಹೋಗಿತ್ತು.

ಯಾಕೆ ಹೀಗೆ ಅಂತ ತಿಳ್ಕೊಳ್ಳೋಕೆ ಈ ಕಲ್ಲು ಹುಟ್ಟಿದ್ದು ಹೇಗೆ ಅಂತ ನೋಡ್ಬೇಕು. ಕೆಳಗಿರೋ ಗ್ರಾನೈಟೋ ನೈಸೋ ಬಸಾಲ್ಟೋ ಯಾವುದೇ ಇರಲಿ, ಬೆಚ್ಚಗಿನ ಮಳೆ ನೀರು, ಅದರಲ್ಲೂ ಬೇರುಗಳ ನಡುವೆ ಇಳಿದು ಸ್ವಲ್ಪ ಹುಳಿಯಾದ ನೀರು, ಲಕ್ಷಾಂತರ ವರ್ಷ ಅದನ್ನ ತೊಳೀತಾನೇ ಇರತ್ತೆ. ಮೊದಲು ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ ಹೋಗತ್ತೆ, ಆಮೇಲೆ ನಿಧಾನಕ್ಕೆ ಸಿಲಿಕಾನೂ ಹೋಗತ್ತೆ, ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಕೆಡ್ತಾ ಕೆಡ್ತಾ ಬಿಳಿ ಕೆಯೊಲಿನ್ ಮಣ್ಣಾಗತ್ತೆ. ಕರಗದೆ ಉಳಿಯೋದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಗಮ್ಮತ್ತು ಏನಂದ್ರೆ ಕಬ್ಬಿಣ ಪೂರ್ತಿ ಸುಮ್ನೆ ಕೂರೋದೂ ಇಲ್ಲ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದು ಮಣ್ಣಿಗೆ ಗಾಳಿ ಸಿಗದೆ ಹೋದಾಗ ಅದು Fe²⁺ ಆಗಿ ನೀರಲ್ಲಿ ಕರಗಿ ಒಂಚೂರು ಆಚೀಚೆ ಹೋಗತ್ತೆ, ಬೇಸಿಗೆಯಲ್ಲಿ ನೀರು ಇಳಿದು ಗಾಳಿ ಒಳಗೆ ಬಂದಾಗ Fe³⁺ ಆಗಿ ತುಕ್ಕಿನ ಹಾಗೆ ಅಲ್ಲೇ ಅಂಟ್ಕೊಳ್ಳತ್ತೆ. ಕಬ್ಬಿಣ ಬಿಟ್ಟುಹೋದ ಜಾಗ ಬಿಳಿ, ಬಂದು ಕೂತ ಜಾಗ ಕೆಂಪು. ವರ್ಷಾವರ್ಷ ಇದೇ ಆಟ ನಡೆದು ಮಚ್ಚೆಗಳು ದೊಡ್ಡದಾಗಿ ಒಂದಕ್ಕೊಂದು ಕೈ ಹಿಡ್ಕೊಂಡಾಗ ಬಲೆ ತರ ಒಂದು ಅಸ್ಥಿಪಂಜರ ಆಗತ್ತೆ, ಬಿಳಿ ಮಣ್ಣು ಅದರ ಸಂದಿಗಳಲ್ಲಿ ಉಳಿಯತ್ತೆ.

ನೆಲದೊಳಗೆ ಇರೋ ತನಕ ಈ ಬಲೆ ತೇವವಾಗಿರತ್ತೆ, ಕಬ್ಬಿಣದಲ್ಲಿ ಒಂದಷ್ಟು ಪಾಲು ನೀರು ಹಿಡಿದ ನುಣ್ಣನೆ ಕಣಗಳಾಗೇ ಇರತ್ತೆ, ಅದಕ್ಕೇ ಬಾಚಿಗೆ ಬಗ್ಗೋದು. ಕಡಿದು ಹೊರಗಿಟ್ಟಾಗ ನೀರು ಹೋಗ್ತಾ ಆ ಕಣಗಳು ಗೋಥೈಟ್, ಹೆಮಟೈಟ್ ಅನ್ನೋ ಕಬ್ಬಿಣದ ಹರಳುಗಳಾಗಿ ಒಂದಕ್ಕೊಂದು ಹೆಣೆದುಕೊಳ್ಳತ್ವೆ. ಬರೀ ಒಣಗಿದ್ರೆ ಇದು ಅರ್ಧಕ್ಕೇ ನಿಲ್ಲತ್ತೆ. ಮತ್ತೆ ಒದ್ದೆಯಾದ್ರೆ ಉಳಿದ ಕಬ್ಬಿಣ ಮತ್ತೆ ಸ್ವಲ್ಪ ಅಲುಗಾಡಿ ನೀರು ಆವಿಯಾಗೋ ಹೊರಮೈ ಕಡೆ ಬಂದು ಕೂರತ್ತೆ, ಒಣಗತ್ತೆ, ಮತ್ತೆ ನೆನೆಯತ್ತೆ. ಹೀಗೆ ಕೂತ ಹರಳು ನೀರು ಬಿತ್ತು ಅಂತ ಬಿಟ್ಟುಹೋಗಲ್ಲ. ನೆಲದೊಳಗೆ ಯುಗಗಟ್ಟಲೆ ನಡೆದಿದ್ದೇ ಅಂಗಳದಲ್ಲಿ ಚಿಕ್ಕದಾಗಿ ಮುಂದುವರಿಯತ್ತೆ ಅಂತ ಇಟ್ಕೊಳ್ಳಿ. ಮೇಸ್ತ್ರಿ ಹೇಳಿದ ಮಳೆ ಇನ್ನೊಂದು ಉಪಕಾರವನ್ನೂ ಮಾಡಿತ್ತು, ತೂತಿನ ಬಿಳಿ ಮಣ್ಣು ಬಹಳಷ್ಟು ತೊಳೆದುಹೋಗಿತ್ತು.

ಬಯಲಿನ ಕಲ್ಲನ್ನ ಕೊನೆಗೆ ಒಡೆದೂ ನೋಡಿದೆ, ಹೊರಗಿನ ಚಿಪ್ಪು ಮಾತ್ರ ಕಬ್ಬಿಣದ ಹಾಗೆ, ಒಳಗೆ ಇನ್ನೂ ಮೆತ್ತಗೆ. ಇದಕ್ಕೇ ಅಳತೆಗೆ ಕೆತ್ತೋ ಕೆಲಸ ಹಸಿ ಇದ್ದಾಗಲೇ ಮುಗಿಸಬೇಕು. ಗಟ್ಟಿಯಾದ ಮೇಲೆ ಸೈಜಿಗೆ ಕೆತ್ತಿದ್ರೆ ಬಾಚಿ ಹಾಳಾಗೋದು ಆಮೇಲಿನ ಮಾತು, ಒಂದು ವರ್ಷ ಕಾದು ಗಳಿಸಿದ ಚಿಪ್ಪನ್ನೇ ಕೆತ್ತಿ ಬಿಸಾಕಿದ ಹಾಗೆ.

ಇನ್ನು ಕೆಳಗಿನ ಪದರದ ಕಥೆ, ನನಗೆ ಶಾಕ್ ಕೊಟ್ಟಿದ್ದು ಇದೇ. ಬಯಲಲ್ಲಿಟ್ಟಿದ್ದು ಜುಲೈಯಲ್ಲೇ ಮೂಲೆ ಉದುರಿ, ಫೆಬ್ರವರಿಗೆ ಕೆಂಪು ಗಂಟುಗಳು ಮಾತ್ರ ಉಳಿದಿತ್ತು. ಸೂರಿನಡಿಯದ್ದು ಮಾತ್ರ ಎಷ್ಟು ಗಟ್ಟಿ ಅಂದ್ರೆ ಮೇಲಿನ ಪದರದ ಜೊತೆ ಇಟ್ಟು ಯಾವುದು ಬೇಕು ಅಂದಿದ್ರೆ ಇದನ್ನೇ ತಗೋತಿದ್ದೆ, ಅಂಚು ನೀಟು, ತೂತು ಕಮ್ಮಿ, ನೋಡೋಕೂ ಚಂದ. ಬಕೆಟ್ಟಿಗೆ ಹಾಕಿದೆ. ರಾತ್ರಿ ಗುಳ್ಳೆ ಬಿಡ್ತಾ ಇತ್ತು, ಬೆಳಿಗ್ಗೆ ತೂಗೋಕೆ ಕಲ್ಲೇ ಇರಲಿಲ್ಲ. ಅಲ್ಲಿ ಇದ್ದಿದ್ದು ಒಣಗಿದ ಜೇಡಿಮಣ್ಣಿನ ಗಟ್ಟಿತನ, ಕಬ್ಬಿಣದ್ದಲ್ಲ. ಮಚ್ಚೆಗಳು ಒಂದಕ್ಕೊಂದು ತಾಗದೆ ದ್ವೀಪದ ಹಾಗಿದ್ರೆ ಎಷ್ಟು ಮಳೆ ತಿನ್ನಿಸಿದ್ರೂ ಬಲೆ ಆಗಲ್ಲ.

1800ರಲ್ಲಿ ಮಲಬಾರಿನ ಅಂಗಾಡಿಪುರಂ ಹತ್ರ ಈ ಕಲ್ಲನ್ನ ನೋಡಿ 1807ರಲ್ಲಿ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಗಮನಿಸಿದ್ದೂ ಈ ಗುಣವನ್ನೇ, ಒಳಗಿದ್ದಾಗ ಮೆತ್ತಗೆ, ಗಾಳಿಗೆ ಬಂದ್ರೆ ಇಟ್ಟಿಗೆ ಹಾಗೆ. ಲ್ಯಾಟಿನ್ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ಒಪ್ಪುವ ಮಾತೇ, ಆದ್ರೆ ಗಾಳಿ ಅನ್ನೋ ಒಂದು ಪದದಲ್ಲಿ ಮಳೆಯ ಪಾಲು ಮುಚ್ಚಿಹೋಗತ್ತೆ ಅನ್ನೋದು ನನ್ನ ತಕರಾರು.

ನನ್ನ ಆಯ್ಕೆ ಕೇಳಿದ್ರೆ, ಹೊರಗೋಡೆಗೆ ಬಯಲಲ್ಲಿ ಒಂದು ಮಳೆಗಾಲ ಕಳೆದ ಮೇಲ್ಪದರದ ಕಲ್ಲೇ. ನೀರು ತಾಗದ ಒಳಗೋಡೆಗೆ ಸೂರಿನಡಿ ಒಣಗಿದ್ದೂ ನಡೀಬಹುದು. ಕೆಳಪದರದ್ದು ಎಲ್ಲಿಗೂ ಬೇಡ. ಇವತ್ತೇ ಕಡಿದ ಕಲ್ಲು ನೋಡಿ ನಿರ್ಧಾರ ಮಾಡ್ಬೇಕು ಅಂದ್ರೆ ಕಡಿದ ಮುಖದಲ್ಲಿ ಕೆಂಪು ಗೆರೆ ಮೇಲೆ ಬೆರಳಿಟ್ಟು ಒಂದು ಅಂಚಿಂದ ಇನ್ನೊಂದು ಅಂಚಿಗೆ ಎಲ್ಲೂ ಬಿಳಿ ದಾಟದೆ ಹೋಗೋಕಾಗತ್ತಾ ನೋಡ್ತೀನಿ, ಡೌಟು ಬಂದ್ರೆ ಒಂದು ತುಂಡು ಪೂರ್ತಿ ಒಣಗಿಸಿ ರಾತ್ರಿ ಬಕೆಟ್ಟಿಗೆ ಹಾಕಿ ಮಲಗ್ತೀನಿ.